“ಗೌಡರೇ, ಇದು ಪೂರ್ತಿ ರಾಶಿ ಅಲ್ಲ”: ಒಂದು ನೇಮಕಾತಿ ವಿಡಿಯೊದ ಪ್ರಕರಣ ಅಧ್ಯಯನ

ಜನವರಿಯ ಮೊದಲ ವಾರ ತೀರ್ಥಹಳ್ಳಿ ಕಡೆಯ ಅಡಿಕೆ ಖರೀದಿ ಸಂಸ್ಥೆಯೊಂದರ ಮ್ಯಾನೇಜರ್ ಶಿವಮೊಗ್ಗದ ನಮ್ಮ ಕಚೇರಿಗೆ ಬಂದರು. ಕೈಯಲ್ಲಿ ಮಡಚಿದ ಒಂದು ಹಾಳೆ ಇತ್ತು. ಇಂಗ್ಲಿಷಿನಲ್ಲಿದ್ದ ಅದರ ಸಾರ ಇಷ್ಟು:

“ಹುದ್ದೆ: ಟ್ರೈನಿ, ಕ್ಷೇತ್ರ ಖರೀದಿ. ಅರ್ಹತೆ: ಯಾವುದೇ ಪದವಿ. ಕರ್ತವ್ಯಗಳು: ಬೆಳೆಗಾರರೊಂದಿಗೆ ಸಂಬಂಧ ನಿರ್ವಹಣೆ, ಉತ್ಪನ್ನದ ಗುಣಮಟ್ಟ ಪರಿಶೀಲನೆ, ಬೆಳೆ ಮಾಹಿತಿ ಸಂಗ್ರಹ, ದತ್ತಾಂಶ ನಮೂದು, ಮೇಲಧಿಕಾರಿಗಳು ವಹಿಸುವ ಇತರ ಕೆಲಸಗಳು. ಅಪೇಕ್ಷಿತ ಗುಣಗಳು: ಉತ್ತಮ ಸಂವಹನ ಕೌಶಲ್ಯ, ಒತ್ತಡದಲ್ಲಿ ಕೆಲಸ ಮಾಡುವ ಸಾಮರ್ಥ್ಯ, ದ್ವಿಚಕ್ರ ವಾಹನ ಚಾಲನಾ ಪರವಾನಗಿ.”

“ಇದನ್ನೇ ಒಂದೂವರೆ ನಿಮಿಷದ ವಿಡಿಯೊ ಮಾಡಿಕೊಡಿ. ಜೂನ್‌ನಲ್ಲಿ ಕಾಲೇಜುಗಳಿಗೆ ಕಳುಹಿಸಬೇಕು” ಎಂದರು. ಎದ್ದು ಹೊರಡುವಾಗ ಇನ್ನೊಂದು ಮಾತು ಸೇರಿಸಿದರು. ಕಳೆದ ಜುಲೈನಲ್ಲಿ ಸೇರಿದ ಆರು ಜನರಲ್ಲಿ ನಾಲ್ವರು ಡಿಸೆಂಬರ್ ಮುಗಿಯುವುದರೊಳಗೆ ಬಿಟ್ಟು ಹೋಗಿದ್ದರು. ಸುಗ್ಗಿ ಏರಿ, ಅಂಗಳದಲ್ಲಿ ಕೈ ಸಾಲದೆ ಹೋಗುವ ಹೊತ್ತು ಅದು. “ಈಗಿನ ಮಕ್ಕಳಿಗೆ ದುಡಿಮೆ ಬೇಡ” ಎಂದು ನಿಟ್ಟುಸಿರು ಬಿಟ್ಟರು.

ಆ ಮಾತನ್ನು ನಾನು ಹಾಗೆಯೇ ನಂಬಿಬಿಟ್ಟೆ. ನಾನು ಮಾಡಿದ ಮೊದಲ ತಪ್ಪು ಅದೇ. ಮಕ್ಕಳನ್ನು ಹೇಗಾದರೂ ಸೆಳೆಯಬೇಕು ಎಂದುಕೊಂಡು ಮೊದಲ ಕರಡು ಬರೆದೆ. ಮೇಲಿನಿಂದ ತೆಗೆದ ತೋಟದ ದೃಶ್ಯ, ಮಂಜು, ತುಂಗೆಯ ಸೇತುವೆ, ಆಮೇಲೆ ಸಂಸ್ಥೆಯ ಲಾಂಛನ. ಹಿನ್ನೆಲೆಯಲ್ಲಿ ತುಂಬು ಕಂಠದ ಒಂದು ಧ್ವನಿ: “ಮಲೆನಾಡಿನ ಹಸಿರಿನ ನಡುವೆ ನಿಮ್ಮ ಭವಿಷ್ಯವನ್ನು ರೂಪಿಸಿಕೊಳ್ಳಿ.” ಅದರ ಕೆಳಗೆ ಹಾಳೆಯ ಎಲ್ಲ ಕರ್ತವ್ಯಗಳನ್ನೂ ಸ್ವಲ್ಪ ಸಿಹಿ ಮಾಡಿ ಜೋಡಿಸಿದ್ದೆ. ಮಾತು 190 ಪದ ದಾಟಿತ್ತು. ಕನ್ನಡದಲ್ಲಿ ಪದಗಳು ಉದ್ದ. ಕೇಳುವವರಿಗೆ ಹಿತವಾಗುವಂತೆ ಓದಿದರೆ ನನ್ನ ಅಳತೆಯಲ್ಲಿ ನಿಮಿಷಕ್ಕೆ ನೂರು, ನೂರಹತ್ತು ಪದ ಹಿಡಿಯುತ್ತವೆ. ಒಂದೂವರೆ ನಿಮಿಷಕ್ಕೆ 190 ಎಂದರೆ ಉಸಿರು ಬಿಡಲೂ ಜಾಗವಿಲ್ಲ.

ಹಳೆಯ ದೃಶ್ಯಗಳನ್ನೇ ಅಂಟಿಸಿ, ನನ್ನ ದನಿಯಲ್ಲೇ ಓದಿ ಒಂದು ಕಚ್ಚಾ ವಿಡಿಯೊ ಮಾಡಿದೆ. ಅದನ್ನು ಶಿವಮೊಗ್ಗದ ಕಾಲೇಜೊಂದರ ಕ್ಯಾಂಟೀನಿನಲ್ಲಿ ಅಂತಿಮ ವರ್ಷದ ಆರು ವಿದ್ಯಾರ್ಥಿಗಳ ಮೊಬೈಲಿಗೆ ಕಳುಹಿಸಿ, ಅವರು ನೋಡುವ ರೀತಿಯನ್ನು ನೋಡುತ್ತಾ ಕುಳಿತೆ. ಆರು ಜನರಲ್ಲಿ ನಾಲ್ವರು ಧ್ವನಿಯನ್ನೇ ಹಾಕಿಕೊಳ್ಳಲಿಲ್ಲ. ಲಾಂಛನ ಬರುತ್ತಿದ್ದಂತೆ ಒಬ್ಬನ ಹೆಬ್ಬೆರಳು ಪರದೆಯ ಮೇಲೆ ಸರಿಯಿತು, ವಿಡಿಯೊ ಮುಗಿಯಿತು. ಪೂರ್ತಿ ನೋಡಿದ ಹುಡುಗಿಯನ್ನು “ಏನು ಕೆಲಸ ಅಂತ ಅನ್ನಿಸಿತು?” ಎಂದು ಕೇಳಿದೆ. ಸ್ವಲ್ಪ ಯೋಚಿಸಿ, “ರೆಸಾರ್ಟಿನಲ್ಲಿ ಏನೋ ಇರಬೇಕು, ಸಾರ್” ಎಂದಳು. ಕರಡನ್ನು ಅಲ್ಲಿಗೇ ಬಿಟ್ಟೆ.

ಹೊಸ ಕರಡು ಬರೆಯುವ ಮುನ್ನ ಬಿಟ್ಟು ಹೋದ ನಾಲ್ವರ ಫೋನ್ ನಂಬರ್ ಕೊಡಿಸಿ ಎಂದು ಮ್ಯಾನೇಜರನ್ನು ಕೇಳಿದೆ. ಅವರಿಗೆ ಇಷ್ಟವಿರಲಿಲ್ಲ. ಆದರೂ ಆ ನಾಲ್ವರ ಒಪ್ಪಿಗೆ ಕೇಳಿ ಕೊಡಿಸಿದರು. ಇಬ್ಬರು ಮಾತಾಡಿದರು. ಅವರಲ್ಲಿ ಒಬ್ಬ ಹೇಳಿದ್ದನ್ನು ಅಂದೇ ಬರೆದಿಟ್ಟುಕೊಂಡೆ: “ಕಷ್ಟ ಆಯಿತು ಅಂತ ಬಿಟ್ಟಿದ್ದಲ್ಲ. ಸುಗ್ಗಿ ಶುರುವಾದ ವಾರ ಒಬ್ಬ ಹಿರಿಯರು ಎಲ್ಲರ ಎದುರು ಬೈದರು, ನನ್ನ ಅಡಿಕೆಗೆ ಹೆಸರಿಡುವುದಕ್ಕೆ ನೀನು ಯಾರು ಅಂತ. ಅದೂ ಕೆಲಸದ ಒಂದು ಭಾಗ ಅಂತ ಯಾರೂ ಹೇಳಿರಲಿಲ್ಲ. ನನ್ನಿಂದಲೇ ಏನೋ ತಪ್ಪಾಯಿತು ಅಂದುಕೊಂಡೆ.”

ಇಡೀ ಪ್ರಕರಣ ತಿರುಗಿದ್ದು ಈ ಮಾತಿನಿಂದ. ಹಾಳೆಯಲ್ಲಿದ್ದ “ಉತ್ತಮ ಸಂವಹನ ಕೌಶಲ್ಯ” ಎಂಬ ಮೂರು ಪದದ ಒಳಗೆ ಇವನನ್ನು ಮನೆಗೆ ಕಳುಹಿಸಿದ ಘಟನೆ ಅಡಗಿ ಕುಳಿತಿತ್ತು. ಓದುವವನಿಗೆ ಅದು ಕಾಣುವಂತಿರಲಿಲ್ಲ.

ಮರುದಿನ ಬೆಳಿಗ್ಗೆ ಸಂಸ್ಥೆಯ ಅಂಗಳಕ್ಕೆ ಹೋಗಿ, ಆ ಆರು ಜನರಿಗಿಂತ ಮೊದಲೇ ಸೇರಿ, ಎರಡು ಸುಗ್ಗಿ ಕಂಡಿದ್ದ ಒಬ್ಬ ಹುಡುಗಿಯ ಪಕ್ಕದಲ್ಲಿ ಸಂಜೆಯವರೆಗೂ ಕುಳಿತೆ. ಕ್ಯಾಮೆರಾ ಒಯ್ದಿರಲಿಲ್ಲ. ಹಾಳೆಯ ಒಂದೊಂದು ಸಾಲಿಗೂ ನನ್ನದು ಒಂದೇ ಪ್ರಶ್ನೆ: ಇದು ನಡೆಯುವುದು ಎಷ್ಟು ಗಂಟೆಗೆ, ಎಲ್ಲಿ, ಯಾರ ಎದುರು? ಈ ಪ್ರಶ್ನೆಗೆ ಉತ್ತರ ಇರುವ ಸಾಲನ್ನು ಚಿತ್ರೀಕರಿಸಬಹುದು. ಉತ್ತರ ಇಲ್ಲದ ಸಾಲನ್ನು ವಿಡಿಯೊದಿಂದ ಕೈಬಿಡಬೇಕು, ಅಥವಾ ಅದನ್ನು ಬರೆದವರನ್ನೇ ಕೇಳಬೇಕು.

“ಗುಣಮಟ್ಟ ಪರಿಶೀಲನೆ” ನಡೆದದ್ದು ಹತ್ತೂವರೆಗೆ. ಪಿಕ್‌ಅಪ್ ಗಾಡಿಯಿಂದ ಚೀಲಗಳು ಇಳಿದವು. ಆ ಹುಡುಗಿ ಚೀಲದ ಬಾಯಿ ಬಿಚ್ಚಿ, ಮೇಲಿನ ಅಡಿಕೆಯನ್ನು ಬಿಟ್ಟು, ಮೊಣಕೈವರೆಗೆ ಕೈ ಇಳಿಸಿ ತಳದಿಂದ ಒಂದು ಹಿಡಿ ತೆಗೆದಳು. ಮೇಲೆ ಒಳ್ಳೆಯದನ್ನು ಹರಡಿರುವ ಚೀಲಗಳೂ ಬರುತ್ತವೆ, ಅದಕ್ಕೇ ಈ ಅಭ್ಯಾಸ. ಅಂಗೈಯಲ್ಲಿ ಅಡಿಕೆಗಳನ್ನು ಅಲುಗಿಸಿ ಸದ್ದು ಕೇಳಿದಳು. ಚೆನ್ನಾಗಿ ಒಣಗಿದ್ದು ಗಡುಸಾಗಿ ಸದ್ದು ಮಾಡುತ್ತದೆ, ಹಸಿ ಉಳಿದಿದ್ದರೆ ಸದ್ದು ಮಂಕು. ಆಮೇಲೆ ಅಡಕತ್ತರಿಯಲ್ಲಿ ನಾಲ್ಕೈದನ್ನು ಹೋಳು ಮಾಡಿ ಒಳಗಿನ ಬಣ್ಣ ನೋಡಿದಳು. ನಮ್ಮ ಕೆಂಪಡಿಕೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ದರ್ಜೆಗಳಿವೆ. ರಾಶಿ ಮತ್ತು ಗೊರಬಲಿನ ದರದ ನಡುವೆ ಇರುವ ಅಂತರ ಒಂದು ಮನೆಯ ವರ್ಷದ ಲೆಕ್ಕವನ್ನೇ ಅಲ್ಲಾಡಿಸಬಲ್ಲದು.

ಹೋಳುಗಳನ್ನು ಅಂಗೈಯಲ್ಲಿಟ್ಟುಕೊಂಡು ಅವಳು ತಲೆ ಎತ್ತಿದಳು. ಎದುರಿಗೆ ಅರವತ್ತು ದಾಟಿದ ಬೆಳೆಗಾರರು ನಿಂತಿದ್ದರು. “ಗೌಡರೇ, ಇದು ಪೂರ್ತಿ ರಾಶಿ ಅಲ್ಲ. ಗೊರಬಲು ಸೇರಿದೆ.” ಅವರ ಮುಖ ಕೆಂಪಾಯಿತು. “ಅಲ್ಲ ಮಾರಾಯ್ತಿ, ಮನೆಯಲ್ಲೇ ಆರಿಸಿ ತಂದಿದ್ದೇನೆ” ಎಂದರು. ಅವಳು ವಾದ ಮಾಡಲಿಲ್ಲ, ದನಿ ಏರಿಸಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಅಡಕತ್ತರಿಯನ್ನು ಅವರ ಕೈಗೇ ಕೊಟ್ಟು, “ನೀವೇ ಕತ್ತರಿಸಿ ನೋಡಿ” ಎಂದು ಸುಮ್ಮನೆ ನಿಂತಳು. ಅವರು ಒಂದನ್ನು ಕತ್ತರಿಸಿದರು, ಇನ್ನೊಂದನ್ನು ಕತ್ತರಿಸಿದರು. ಸ್ವಲ್ಪ ಹೊತ್ತಿನ ಮೇಲೆ, “ಸರಿ, ಬರೆದುಕೋ” ಎಂದರು.

ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವಳನ್ನು ಕೇಳಿದೆ, ಹೀಗೆ ಮಾಡಲು ಯಾರು ಕಲಿಸಿದರು ಎಂದು. “ಯಾರೂ ಕಲಿಸಲಿಲ್ಲ ಸಾರ್. ಮೊದಲ ಸುಗ್ಗಿಯಲ್ಲಿ ನಾನೂ ಎರಡು ಸಲ ಒಳಗೆ ಹೋಗಿ ಅತ್ತಿದ್ದೇನೆ” ಎಂದಳು.

ಉಳಿದ ಸಾಲುಗಳಿಗೂ ಹೀಗೆಯೇ ಉತ್ತರ ಸಿಗುತ್ತಾ ಹೋಯಿತು. “ಬೆಳೆ ಮಾಹಿತಿ ಸಂಗ್ರಹ” ಎಂದರೆ ಮಳೆಗಾಲದಲ್ಲಿ ತೋಟದಿಂದ ತೋಟಕ್ಕೆ ಹೋಗಿ, ಬೋರ್ಡೋ ದ್ರಾವಣ ಎಷ್ಟು ಸಲ ಹೊಡೆದಿದ್ದಾರೆ, ಕೊಳೆ ರೋಗಕ್ಕೆ ಎಷ್ಟು ಕಾಯಿ ಉದುರಿದೆ ಎಂದು ಬರೆದುಕೊಂಡು ಬರುವುದು. “ದತ್ತಾಂಶ ನಮೂದು” ಎಂದರೆ ಸಂಜೆ ತೂಕದ ಚೀಟಿಗಳನ್ನು ಕಂಪ್ಯೂಟರಿಗೆ ಏರಿಸುವುದು. ಅದಕ್ಕೆ ಒಂದು ಗಂಟೆ ಬೇಕು, ವಿಡಿಯೊದಲ್ಲಿ ಎರಡು ಸೆಕೆಂಡು ಸಾಕು. “ಇತರ ಕೆಲಸಗಳು” ಎಂಬ ಸಾಲಿಗೆ ಮಾತ್ರ ಹುಡುಗಿ ಉತ್ತರಿಸಲಿಲ್ಲ, ನಕ್ಕಳು. ಮ್ಯಾನೇಜರನ್ನು ಕೇಳಿದಾಗ ಗೊತ್ತಾಯಿತು: ಡಿಸೆಂಬರಿನಿಂದ ಲೋಡು ತಡವಾಗಿ ಬಂದ ದಿನ ರಾತ್ರಿ ಎಂಟರವರೆಗೂ ಇರಬೇಕಾಗುತ್ತದೆ. ನೇಮಕಾತಿ ಹಾಳೆಯಲ್ಲಿ “ಇತರ” ಎಂಬ ಪದ ಕಂಡಾಗಲೆಲ್ಲ ನಾನು ಅಲ್ಲೇ ನಿಂತು ವಿಚಾರಿಸುತ್ತೇನೆ. ಜನರು ಕೆಲಸ ಬಿಡುವ ಕಾರಣ ಬಹಳ ಸಲ ಆ ಪದದ ಹಿಂದೆಯೇ ಇರುತ್ತದೆ.

ಬೈಗುಳ, ಮಳೆಗಾಲದ ತೋಟದಲ್ಲಿ ಕಾಲಿಗೆ ಹತ್ತುವ ಇಂಬಳ, ರಾತ್ರಿ ಎಂಟು ಗಂಟೆ, ಇವು ಮೂರೂ ವಿಡಿಯೊದಲ್ಲಿ ಇರಬೇಕು ಎಂದೆ. ಮ್ಯಾನೇಜರ್ ಬೇಡವೇ ಬೇಡ ಎಂದರು. “ಹೆಣ್ಣು ತೋರಿಸುವಾಗ ಯಾರಾದರೂ ಸಿಟ್ಟಿನ ಕಥೆ ಹೇಳುತ್ತಾರೆಯೇ?” ಎಂಬುದು ಅವರ ವಾದ. ಅದಕ್ಕೆ ನನ್ನ ಬಳಿ ಒಂದು ಹಳೆಯ ಪ್ರಯೋಗದ ಆಧಾರವಿತ್ತು. ಅಮೆರಿಕದ ಸಂಶೋಧಕ ಜಾನ್ ವನಸ್ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಟೆಲಿಫೋನ್ ಆಪರೇಟರ್ ಕೆಲಸಕ್ಕೆ ಬಂದವರಲ್ಲಿ ಕೆಲವರಿಗೆ ಎಂದಿನ ನೇಮಕಾತಿ ಚಿತ್ರವನ್ನು ತೋರಿಸಿದ್ದರು, ಉಳಿದವರಿಗೆ ಕೆಲಸದ ಬೇಸರವನ್ನೂ ಮುಚ್ಚಿಡದ ಚಿತ್ರವನ್ನು ತೋರಿಸಿದ್ದರು. ನಿಜ ತೋರಿಸಿದ್ದರಿಂದ ಕೆಲಸ ಒಪ್ಪಿಕೊಳ್ಳುವವರು ಕಡಿಮೆಯಾಗಲಿಲ್ಲ. ಸೇರಿದ ಮೇಲೆ ಬಿಡಬೇಕು ಎಂದು ಯೋಚಿಸುವುದು ಮಾತ್ರ ಅವರಲ್ಲಿ ಕಡಿಮೆ ಕಂಡಿತು. ಆಮೇಲೆ ನಡೆದ ಇಂಥ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದವರು ಈ ಪರಿಣಾಮ ಸಣ್ಣದು ಎಂದಿದ್ದಾರೆ. ಅದನ್ನೂ ಮ್ಯಾನೇಜರಿಗೆ ಮುಚ್ಚಿಡಲಿಲ್ಲ. ಆದರೆ ಅವರ ಮನಸ್ಸು ಬದಲಾದದ್ದು ಬಿಟ್ಟುಹೋದ ಹುಡುಗನ ಮಾತನ್ನು ಓದಿ ಹೇಳಿದಾಗ. “ಅವನು ಒಳ್ಳೆಯ ಹುಡುಗ ಆಗಿದ್ದ” ಎಂದು ಸ್ವಲ್ಪ ಹೊತ್ತು ಸುಮ್ಮನಾದರು. ಬೈಗುಳದ ದೃಶ್ಯಕ್ಕೆ ಒಪ್ಪಿಗೆ ಸಿಕ್ಕಿತು.

ಅಂತಿಮವಾಗಿ ಉಳಿದ ಚಿತ್ರಕಥೆ ಇದು. ಕಾಗದದ ಎಡಕ್ಕೆ ಕಾಣುವುದು, ಬಲಕ್ಕೆ ಕೇಳುವುದು ಎಂದು ಎರಡು ಅಂಕಣ ಮಾಡಿದ್ದೆ. ಇಲ್ಲಿ ಒಂದರ ಕೆಳಗೊಂದು ಕೊಡುತ್ತೇನೆ.

0ರಿಂದ 8 ಸೆಕೆಂಡ್. ಗೋಣಿ ಚೀಲದೊಳಕ್ಕೆ ಮೊಣಕೈವರೆಗೆ ಇಳಿದ ಕೈ. ಅಡಿಕೆ ಸರಿಯುವ ಸದ್ದು ಮಾತ್ರ. ಕೈ ಮೇಲೆ ಬಂದು ಅಂಗೈ ತೆರೆಯುತ್ತದೆ. ಪರದೆಯ ಮೇಲೆ ಬರಹ: “ಈ ಹಿಡಿಯಲ್ಲಿ ಎರಡು ದರ್ಜೆ ಇವೆ. ಗೊತ್ತಾಯಿತೇ?”

8ರಿಂದ 25. ಹುಡುಗಿಯ ಮುಖ, ಎದುರಿಗೆ ಬೆಳೆಗಾರರು.
ಹುಡುಗಿ: “ಗೌಡರೇ, ಇದು ಪೂರ್ತಿ ರಾಶಿ ಅಲ್ಲ. ಗೊರಬಲು ಸೇರಿದೆ.”
ಬೆಳೆಗಾರರು: “ಅಲ್ಲ ಮಾರಾಯ್ತಿ, ಮನೆಯಲ್ಲೇ ಆರಿಸಿ ತಂದಿದ್ದೇನೆ.”
ಅವಳು ಅಡಕತ್ತರಿಯನ್ನು ಅವರ ಕೈಗೆ ಕೊಡುತ್ತಾಳೆ. ನಾಲ್ಕು ಸೆಕೆಂಡ್ ಯಾರೂ ಮಾತಾಡುವುದಿಲ್ಲ.

25ರಿಂದ 45. ಅವಳು ಕಲಿಯುತ್ತಿದ್ದ ಮೇಜು, ಹಿರಿಯ ನೌಕರರ ಕೈಗಳು, ಹೋಳುಗಳ ಸಾಲು.
ಹುಡುಗಿಯ ಧ್ವನಿ: “ನಾನು ಓದಿದ್ದು ಬಿ.ಕಾಂ. ಸೇರಿದ ದಿನ ರಾಶಿಗೂ ಬೆಟ್ಟೆಗೂ ಇರುವ ವ್ಯತ್ಯಾಸ ಗೊತ್ತಿರಲಿಲ್ಲ. ಮೂರು ತಿಂಗಳು ಹಿರಿಯರ ಪಕ್ಕದಲ್ಲಿ ಕುಳಿತು ಕತ್ತರಿಸಿದೆ, ನೋಡಿದೆ, ತಪ್ಪಿದೆ. ಈಗ ಚೀಲದ ದರ್ಜೆಯನ್ನು ನಾನೇ ಬರೆಯುತ್ತೇನೆ.”

45ರಿಂದ 65. ಮಳೆಗಾಲದ ಫೋಟೊಗಳು, ತೂಕದ ಚೀಟಿಗಳು, ರಾತ್ರಿಯ ಅಂಗಳದಲ್ಲಿ ದೀಪ.
ಹುಡುಗಿಯ ಧ್ವನಿ: “ಮಳೆಗಾಲದಲ್ಲಿ ತೋಟದಿಂದ ತೋಟಕ್ಕೆ ಹೋಗಿ, ಕೊಳೆಗೆ ಎಷ್ಟು ಕಾಯಿ ಉದುರಿದೆ ಎಂದು ಬರೆದುಕೊಳ್ಳಬೇಕು. ಇಂಬಳ ಹತ್ತುತ್ತದೆ. ಸುಗ್ಗಿಯಲ್ಲಿ ಕೆಲವು ದಿನ ರಾತ್ರಿ ಎಂಟಾಗುತ್ತದೆ. ಕೊನೆಯ ಬಸ್ ತಪ್ಪಿದರೆ ಸಂಸ್ಥೆಯ ಜೀಪು ಮನೆಗೆ ಬಿಡುತ್ತದೆ.”

65ರಿಂದ 80. ಮತ್ತೆ ಅಂಗಳ. ಬೆಳೆಗಾರರು ಹೋಳನ್ನು ತಿರುಗಿಸಿ ನೋಡುತ್ತಾರೆ.
ಬೆಳೆಗಾರರು: “ಸರಿ, ಬರೆದುಕೋ. ಮುಂದಿನ ವಾರ ಇನ್ನೆರಡು ಚೀಲ ತರುತ್ತೇನೆ.”

80ರಿಂದ 90. ಬರಹ: ಹುದ್ದೆ, ಸಂಬಳ, ತರಬೇತಿಯ ಅವಧಿ, ಫೋನ್ ಮಾಡಬೇಕಾದ ನಂಬರ್. ಕೆಳಗೆ ಮೂಲೆಯಲ್ಲಿ ಲಾಂಛನ.

ಮಾತು 190 ಪದದಿಂದ ಅರ್ಧಕ್ಕೂ ಕೆಳಗೆ ಇಳಿದಿದೆ. ಸದ್ದು ಮತ್ತು ಮೌನಕ್ಕೆ ಜಾಗ ಸಿಕ್ಕಿದ್ದು ಅದರಿಂದಲೇ. ಕ್ಯಾಂಟೀನಿನ ನಾಲ್ವರನ್ನು ನೆನಪಿಟ್ಟುಕೊಂಡು ಎಲ್ಲ ಮಾತಿಗೂ ಅಡಿಬರಹ ಹಾಕಿದೆವು. ಸಂಬಳವನ್ನು ಯಾರ ಬಾಯಲ್ಲೂ ಹೇಳಿಸಲಿಲ್ಲ. ಮುಂದಿನ ವರ್ಷ ಮೊತ್ತ ಬದಲಾದರೆ ಕೊನೆಯ ಬರಹದ ಫಲಕವನ್ನಷ್ಟೇ ಬದಲಾಯಿಸಬಹುದು, ಧ್ವನಿಯನ್ನು ಮತ್ತೆ ಮುದ್ರಿಸಬೇಕಾಗಿಲ್ಲ.

ಚಿತ್ರೀಕರಣದಲ್ಲಿ ಎರಡು ತೊಡಕುಗಳು ಬಂದವು. ಮೊದಲನೆಯದು ಹುಡುಗಿಯ ಮಾತು. ಬರೆದುಕೊಟ್ಟದ್ದನ್ನು ಅವಳು ಓದಿದಾಗ ಶಾಲೆಯ ಪ್ರಾರ್ಥನೆಯಂತೆ ಕೇಳಿಸಿತು. ಮೂರನೆಯ ಸಲಕ್ಕೆ ಕಾಗದವನ್ನು ಅವಳ ಕೈಯಿಂದ ತೆಗೆದುಕೊಂಡು, ಕ್ಯಾಮೆರಾದ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕುಳಿತು ಪ್ರಶ್ನೆ ಕೇಳಿದೆ: “ಸೇರಿದ ದಿನ ಏನು ಗೊತ್ತಿರಲಿಲ್ಲ?” ಅಂಗಡಿ ಜಗಲಿಯಲ್ಲಿ ಗೆಳತಿಗೆ ಹೇಳಿದಂತೆ ಹೇಳಿದಳು. “ಕತ್ತರಿಸಿದೆ, ನೋಡಿದೆ, ತಪ್ಪಿದೆ” ಎಂಬ ಸಾಲು ಅವಳದೇ. ನಾನು ಬರೆದಿದ್ದುದು “ನಿರಂತರ ಅಭ್ಯಾಸದಿಂದ ಕಲಿತೆ” ಎಂದು.

ಎರಡನೆಯದು ಬೆಳೆಗಾರರ ವಿಷಯ. ನಾನು ಕಣ್ಣಾರೆ ಕಂಡ ಗೌಡರನ್ನೇ ಕರೆಸಿ ಮತ್ತೆ ಆಡಿಸುವುದು ಸುಲಭವಿತ್ತು. ಆದರೆ ಅವರ ಚೀಲದಲ್ಲಿ ಗೊರಬಲು ಇತ್ತು ಎಂಬುದನ್ನು ಊರೂರಿಗೆ ತೋರಿಸಿದಂತಾಗುತ್ತಿತ್ತು. ಅದಕ್ಕೆ ಸಂಸ್ಥೆಗೆ ಹಳೆಯ ಪರಿಚಯದ ಬೇರೊಬ್ಬ ಬೆಳೆಗಾರರನ್ನು ಕೇಳಿಕೊಂಡೆವು. ಚೀಲವನ್ನು ಸಂಸ್ಥೆಯವರೇ ಬೆರೆಸಿ ತಯಾರು ಮಾಡಿದರು. ಇದು ನಟನೆ ಎಂಬುದು ಊರಿಗೆಲ್ಲ ಮೊದಲೇ ತಿಳಿಯುವಂತೆ ನೋಡಿಕೊಂಡೆವು. ಹುಡುಗಿಯಿಂದಲೂ ಅವರಿಂದಲೂ ಲಿಖಿತ ಒಪ್ಪಿಗೆ ಪಡೆದೆವು. ಅವಳು ಕೆಲಸ ಬಿಟ್ಟರೆ ಮೂರು ತಿಂಗಳೊಳಗೆ ವಿಡಿಯೊ ತೆಗೆಯಬೇಕು ಎಂಬ ಮಾತನ್ನು ಆ ಕಾಗದದಲ್ಲೇ ಸೇರಿಸಿದೆ. ಬಿಟ್ಟುಹೋದವರ ಮುಖ ಹೊಸಬರನ್ನು ಕರೆಯುತ್ತಾ ಇರುವುದು ಸರಿಯಲ್ಲ.

ಮಳೆಗಾಲದ ದೃಶ್ಯಕ್ಕೆ ಜುಲೈವರೆಗೆ ಕಾಯುವಂತಿರಲಿಲ್ಲ. ಹುಡುಗಿಯ ಮೊಬೈಲಿನಲ್ಲೇ ಹಳೆಯ ಫೋಟೊಗಳಿದ್ದವು: ರೇನ್‌ಕೋಟಿನೊಳಗೆ ಅಡಗಿಸಿಟ್ಟ ಪುಸ್ತಕ, ಕೆಸರು ಮೆತ್ತಿದ ಬೂಟು, ಪಾದದ ಗಂಟಿನ ಮೇಲೆ ಒಂದು ಇಂಬಳ. ಸ್ವಲ್ಪ ಮಸುಕಾಗಿದ್ದ ಆ ಮೂರನ್ನೇ ಬಳಸಿದೆವು. ಒಂದು ವೇಳೆ ಮ್ಯಾನೇಜರ್ ಜೂನ್‌ನಲ್ಲಿ ಬಂದಿದ್ದರೆ ಪರಿಸ್ಥಿತಿ ಇದಕ್ಕಿಂತ ಕಷ್ಟವಾಗುತ್ತಿತ್ತು. ಆಗ ಅಂಗಳ ಖಾಲಿ, ತೆಗೆಯಲು ಚೀಲವೇ ಇರುವುದಿಲ್ಲ. ಹಂಗಾಮಿನ ಕೆಲಸಕ್ಕೆ ಜನ ಬೇಕಾದವರು ಹಂಗಾಮಿನಲ್ಲೇ ಚಿತ್ರೀಕರಿಸಿಟ್ಟುಕೊಳ್ಳಬೇಕು.

ಹೊಸ ವಿಡಿಯೊವನ್ನು ಅದೇ ಕ್ಯಾಂಟೀನಿಗೆ ಒಯ್ದು, ಮೊದಲನೆಯದನ್ನು ನೋಡದ ಬೇರೆ ಆರು ಜನರಿಗೆ ತೋರಿಸಿದೆ. ಈ ಸಲ ಒಬ್ಬ ನಡುವೆ ಬಿಟ್ಟ, ಐವರು ಕೊನೆಯವರೆಗೂ ನೋಡಿದರು. ಏನು ಕೆಲಸ ಎಂಬ ಪ್ರಶ್ನೆಗೆ ಎಲ್ಲ ಐವರೂ ಸರಿಯಾಗಿ ಉತ್ತರಿಸಿದರು. “ನನ್ನ ಕೈಲಿ ಆಗುವುದಿಲ್ಲ, ನಾನು ಎದುರು ಮಾತಾಡುವವನಲ್ಲ” ಎಂದ ಒಬ್ಬ. ಇದನ್ನು ನಾನು ವಿಡಿಯೊ ಸರಿಯಾಗಿ ಕೆಲಸ ಮಾಡಿದ ಗುರುತು ಎಂದೇ ಎಣಿಸಿದೆ. ಇನ್ನೊಬ್ಬಳು “ಪೆಟ್ರೋಲ್ ಹಣ ಬೇರೆ ಕೊಡುತ್ತಾರಾ?” ಎಂದು ಕೇಳಿದಳು. ತೋಟಗಳಿಗೆ ತಿರುಗುವ ಕೆಲಸಕ್ಕೆ ಸಹಜವಾದ ಈ ಪ್ರಶ್ನೆ ನಮಗೆ ಹೊಳೆದಿರಲೇ ಇಲ್ಲ. ಕೊನೆಯ ಫಲಕದಲ್ಲಿ ಪೆಟ್ರೋಲ್ ಭತ್ಯೆಯ ಸಾಲು ಸೇರಿತು.

ಜುಲೈನಲ್ಲಿ ಐವರು ಸೇರಿದರು. ಅರ್ಜಿಗಳು ಹಿಂದಿನ ವರ್ಷಕ್ಕಿಂತ ಕಡಿಮೆ ಬಂದಿದ್ದವು. ಸುಗ್ಗಿ ಕಳೆದಾಗ ನಾಲ್ವರು ಇನ್ನೂ ಇದ್ದರು. ಇದನ್ನು ವಿಡಿಯೊದ ಫಲ ಎಂದು ನಾನು ಹೇಳಲಾರೆ. ಅದೇ ವರ್ಷ ಸಂಬಳ ಸ್ವಲ್ಪ ಏರಿತ್ತು, ಮೊದಲ ತಿಂಗಳು ಹೊಸಬರನ್ನು ಬೆಳೆಗಾರರ ಎದುರು ಒಬ್ಬಂಟಿಯಾಗಿ ನಿಲ್ಲಿಸಬಾರದು ಎಂಬ ಪದ್ಧತಿಯೂ ಶುರುವಾಗಿತ್ತು. ಐದು ಜನರ ಲೆಕ್ಕದಿಂದ ಇವುಗಳ ಪಾಲನ್ನು ಬೇರೆ ಬೇರೆ ಮಾಡಿ ಹೇಳಲು ಬರುವುದಿಲ್ಲ.

ಜೀಪಿನ ವಿಷಯ ಒಂದು ಉಳಿದಿದೆ. “ಕೊನೆಯ ಬಸ್ ತಪ್ಪಿದರೆ ಜೀಪು ಮನೆಗೆ ಬಿಡುತ್ತದೆ” ಎಂದು ನಾನು ಬರೆದದ್ದು ಮ್ಯಾನೇಜರ್ ಬಾಯಿಮಾತಿನಲ್ಲಿ ಹೇಳಿದ್ದರಿಂದ. ಆ ಸಾಲಿನ ಹೊತ್ತಿಗೆ ಹುಡುಗಿ ತಡವರಿಸಿದಳು. “ಹೊಸನಗರದ ಕಡೆಯವರನ್ನು ಬಿಡುತ್ತಾರೆ ಸಾರ್. ನಮ್ಮ ಊರಿನ ಕಡೆ ಗಾಡಿ ಬರುವುದಿಲ್ಲ. ಅಣ್ಣ ಬಂದು ಕರೆದುಕೊಂಡು ಹೋಗುತ್ತಾನೆ” ಎಂದಳು. ಚಿತ್ರೀಕರಣ ನಿಲ್ಲಿಸಿ ಮ್ಯಾನೇಜರ್ ಬಳಿಗೆ ಹೋದೆ. ಒಂದೋ ಸಾಲನ್ನು ತೆಗೆಯಬೇಕು, ಇಲ್ಲವೇ ಅದನ್ನು ನಿಜ ಮಾಡಬೇಕು ಎಂದೆ. ಅವರು ತಕ್ಷಣ ಉತ್ತರಿಸಲಿಲ್ಲ, ಎರಡು ದಿನ ಕೇಳಿದರು. ಮೂರನೆಯ ದಿನ ಹೋದಾಗ ಕಚೇರಿಯ ಗೋಡೆಯ ಮೇಲೆ, ತೂಕದ ದರಪಟ್ಟಿಯ ಪಕ್ಕದಲ್ಲಿ, ಹೊಸ ಹಾಳೆಯೊಂದು ಅಂಟಿತ್ತು: ಯಾವ ದಿನ ಯಾವ ದಾರಿಗೆ ಜೀಪು, ಚಾಲಕ ಯಾರು, ಎಂಟು ದಾಟಿದರೆ ಯಾರಿಗೆ ಫೋನ್ ಮಾಡಬೇಕು. ಅದರಲ್ಲಿ ಅವಳ ಊರಿನ ಹೆಸರೂ ಇತ್ತು. ಅವಳು ಅದನ್ನು ಒಮ್ಮೆ ಓದಿ ಬಂದು, ಕಾಲರಿಗೆ ಮೈಕು ಸಿಕ್ಕಿಸಿಕೊಂಡು, ಆ ಸಾಲನ್ನು ಒಂದೇ ಸಲಕ್ಕೆ ಹೇಳಿದಳು.